ಕರಟ, ಡಬ್ಬಿ, ಬಾಟಲಿಯಲ್ಲಿ ಆದಿತಾಳ

ಎರಡನೇ, ಮೂರನೇ ತರಗತಿಯ ಮಕ್ಕಳಿಗೆ ಆದಿತಾಳದ ಎಂಟು ಎಣಿಕೆ ಕಲಿಸಲು ಮೂರು ಬಗೆಯ ವಾದ್ಯ ಸಾಕು: ಹಾಲಿನ ಪುಡಿಯ ಡಬ್ಬಿಯಿಂದ ಡೋಲು, ತೆಂಗಿನ ಕರಟ, ಪ್ಲಾಸ್ಟಿಕ್ ಬಾಟಲಿಯ ಗಿಲಕಿ. ಮೂರೂ ಮನೆಯಲ್ಲಿ ಬಿಸಾಡುವ ವಸ್ತುಗಳೇ.

ಡೋಲಿಗೆ ಮೊದಲು ಡಬ್ಬಿಯ ಚೂಪು ಅಂಚಿಗೆ ದಪ್ಪ ಟೇಪು ಸುತ್ತಬೇಕು. ದೊಡ್ಡ ಬಲೂನಿನ ಕತ್ತು ಕತ್ತರಿಸಿ, ಉಳಿದ ಭಾಗವನ್ನು ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಬಲೂನು ಸಡಿಲಾದಂತೆ ‘ಧಂ’ ಎನ್ನುವ ನಾದ ಮಂಕಾಗುತ್ತದೆ. ಆಗ ಮತ್ತೆ ಎಳೆದು ಕಟ್ಟಬೇಕು. ಕರಟಕ್ಕೆ ಇಷ್ಟು ಉಪಚಾರ ಬೇಡ. ನಾರು ಹೆರೆದು, ಅಂಚು ಉಜ್ಜಿ, ಬೋರಲಾಗಿ ನೆಲಕ್ಕೆ ಬಡಿದರೆ ‘ಟಕ್’ ಎನ್ನುತ್ತದೆ.

ತೊಂದರೆ ಕೊಡುವುದು ಗಿಲಕಿಯೇ. ತುಂಬಿದಷ್ಟೂ ಸದ್ದು ಹೆಚ್ಚೆಂದು ಮಕ್ಕಳು ಬಾಟಲಿಯ ಕತ್ತಿನವರೆಗೆ ಕಾಳು ಸುರಿಯುತ್ತಾರೆ. ಅಲುಗಾಡಲು ಜಾಗವಿಲ್ಲದೆ ಕಾಳು ಮೂಕವಾಗುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು ಬೇಡ. ರಾಗಿ ಹಾಕಿದರೆ ಸಾವಿರಾರು ಕಾಳು ಒಂದರ ಹಿಂದೊಂದು ತಾಗಿ ‘ಸರ್’ ಎಂದು ಹರಡುತ್ತದೆ, ಪೆಟ್ಟು ಎಲ್ಲಿ ಬಿತ್ತೆಂದೇ ತಿಳಿಯುವುದಿಲ್ಲ. ಸಣ್ಣ ಜಲ್ಲಿ ಅಥವಾ ಒಣ ಅವರೆಕಾಳು ಹಾಕಿದರೆ ಪೆಟ್ಟು ಸ್ಪಷ್ಟ. ಕಾಳು ಬಾಯಿಗೆ ಹೋಗದಂತೆ ಮುಚ್ಚಳವನ್ನು ಅಂಟಿನಿಂದ ಭದ್ರಪಡಿಸಬೇಕು.

ನುಡಿಸುವ ಮೊದಲು ಬಾಯಿ ಕಲಿಯಬೇಕು. ಕೈಯಲ್ಲಿ ವಾದ್ಯವಿದ್ದರೆ ಯಾವ ಮಗುವೂ ಕೇಳಿಸಿಕೊಳ್ಳುವುದಿಲ್ಲ, ಆದ್ದರಿಂದ ಎಲ್ಲವನ್ನೂ ನೆಲದ ಮೇಲಿಡಿಸಿ, ‘ತಕಧಿಮಿ ತಕಧಿಮಿ’ ಎಂದು ಎಣಿಕೆಗೊಂದು ಅಕ್ಷರದಂತೆ ಹೇಳಿಸುತ್ತ ತಾಳ ಹಾಕಿಸಬೇಕು: ಒಂದು ತಟ್ಟು, ಮೂರು ಬೆರಳೆಣಿಕೆ, ತಟ್ಟು, ಬೀಸು, ತಟ್ಟು, ಬೀಸು. ಇದು ಕೂತ ಮೇಲೆ ತರಗತಿಯನ್ನು ಮೂರು ಗುಂಪು ಮಾಡಬಹುದು. ತಟ್ಟು ಬೀಳುವ 1, 5, 7ಕ್ಕೆ ಡೋಲು. ಉಳಿದ 2, 3, 4, 6, 8ಕ್ಕೆ ಕರಟ. ಗಿಲಕಿ ಪ್ರತಿ ಎಣಿಕೆಗೂ ಒಂದು ಸಲ.

ಎಡವುವ ಜಾಗ 2ರಿಂದ 4. ಅಲ್ಲಿ ಡೋಲಿನವರಿಗೆ ಕೆಲಸವಿಲ್ಲ. ಸುಮ್ಮನಿರುವುದು ಬಾರಿಸುವುದಕ್ಕಿಂತ ಕಷ್ಟ. ಅವರು 5ನ್ನು ಬೇಗ ಬಾರಿಸುತ್ತಾರೆ, ಕರಟದ ಕೊನೆಯ ಪೆಟ್ಟು ಅದರೊಳಗೆ ಮುಳುಗುತ್ತದೆ, ಎಲ್ಲರೂ ಓಡತೊಡಗುತ್ತಾರೆ. ‘ನಿಧಾನ’ ಎಂದು ಕೂಗಿ ಪ್ರಯೋಜನವಿಲ್ಲ. ವಾದ್ಯ ಕೆಳಗಿಡಿಸಿ ಮತ್ತೆ ಬಾಯಲ್ಲಿ ಹೇಳಿಸಿದರೆ ಲಯ ತಾನೇ ಹಿಂದಕ್ಕೆ ಬರುತ್ತದೆ.

ನಾಲ್ಕು ಹಿಡಿತಕ್ಕೆ ಬಂದ ಮೇಲೆ ‘ತಕಿಟ’ದ ಮೂರು. ಎರಡು ಕೈಯಲ್ಲಿ ಬಲ, ಎಡ ಎಂದು ಸರದಿಯಲ್ಲಿ ಬಾರಿಸುವವರಿಗೆ ನಾಲ್ಕರಲ್ಲಿ ‘ತ’ ಯಾವಾಗಲೂ ಬಲಗೈಗೇ ಬರುತ್ತದೆ. ಮೂರರಲ್ಲಿ ಒಮ್ಮೆ ಬಲಕ್ಕೆ, ಮರುಸಲ ಎಡಕ್ಕೆ. ಮಕ್ಕಳು ಅಲ್ಲೇ ತಪ್ಪುತ್ತಾರೆ. ಶುರುವಿನಲ್ಲಿ ‘ತ’ ಬಲಗೈಗೆ, ‘ಕಿಟ’ ಎರಡೂ ಎಡಗೈಗೆ ಎಂದು ಹಂಚಿಕೊಟ್ಟು, ಅದು ಪಳಗಿದ ಮೇಲೆ ಕೈ ಬದಲಿಸಿ ಬಾರಿಸಲು ಬಿಡುವುದು ಸುಲಭದ ದಾರಿ.