ಹಳೆಯ ಮೊಬೈಲ್ ಫೋನಿನಿಂದ ಹೊಸ ಫೋನಿಗೆ ಸಂದೇಶ, ಛಾಯಾಚಿತ್ರ ಹಾಗೂ ಸಂಪರ್ಕ ಸಂಖ್ಯೆಗಳ ವರ್ಗಾವಣೆ: ನಾಗರಿಕರಿಗೆ ಮಾಹಿತಿ

ಸರ್ಕಾರದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರ ಸ್ವೀಕೃತಿ ಪತ್ರ, ದಾಖಲೆಗಳ ಛಾಯಾಚಿತ್ರ ಮತ್ತು ಅಧಿಕಾರಿಗಳೊಂದಿಗಿನ ಸಂದೇಶಗಳು ಇಂದು ಬಹುಮಟ್ಟಿಗೆ ಮೊಬೈಲ್ ಫೋನಿನಲ್ಲಿಯೇ ಇರುತ್ತವೆ. ಫೋನ್ ಬದಲಾಯಿಸುವಾಗ ಇವು ಕಳೆದುಹೋಗುವುದಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಯಂತ್ರದ ದೋಷ ಕಾರಣವಲ್ಲ; ಕೆಲಸಗಳ ಅನುಕ್ರಮ ತಪ್ಪುವುದೇ ಕಾರಣ. ಒಂದು ಆಂಡ್ರಾಯ್ಡ್ ಫೋನಿನಿಂದ ಇನ್ನೊಂದು ಆಂಡ್ರಾಯ್ಡ್ ಫೋನಿಗೆ ಬದಲಾಗುವವರು ಅನುಸರಿಸಬೇಕಾದ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಮೂಲ ನಿಯಮ

ಹೊಸ ಫೋನಿನಲ್ಲಿ ಎಲ್ಲವೂ ಬಂದಿರುವುದನ್ನು ಕಣ್ಣಾರೆ ಪರಿಶೀಲಿಸುವವರೆಗೆ ಹಳೆಯ ಫೋನೇ ಮೂಲ ಪ್ರತಿ. ಅಲ್ಲಿಯವರೆಗೆ ಅದನ್ನು ಅಳಿಸಬಾರದು, ಮಾರಬಾರದು, ವಿನಿಮಯಕ್ಕೆ ಕೊಡಬಾರದು. ಅಂಗಡಿಯಲ್ಲಿ ಹಳೆಯ ಫೋನನ್ನು ವಿನಿಮಯಕ್ಕೆ ಕೊಡುವ ಉದ್ದೇಶವಿದ್ದಲ್ಲಿ, ವರ್ಗಾವಣೆಯ ಕೆಲಸವನ್ನು ಮುಗಿಸಿದ ನಂತರವೇ ಅದನ್ನು ಹಸ್ತಾಂತರಿಸುವುದು ಸೂಕ್ತ.

1. ಸಂಪರ್ಕ ಸಂಖ್ಯೆಗಳು

ಒಂದೇ ಪಟ್ಟಿಯಾಗಿ ಕಾಣುವ ಸಂಪರ್ಕ ಸಂಖ್ಯೆಗಳು ವಾಸ್ತವವಾಗಿ ಮೂರು ಸ್ಥಳಗಳಲ್ಲಿ ಹಂಚಿಹೋಗಿರಬಹುದು: ಗೂಗಲ್ ಖಾತೆ, ಫೋನಿನ ಸ್ವಂತ ಸ್ಮೃತಿ ಮತ್ತು ಸಿಮ್ ಕಾರ್ಡ್. ಗೂಗಲ್ ಖಾತೆಯಲ್ಲಿರುವವು ಮಾತ್ರ, ಅದೇ ಖಾತೆಯಿಂದ ಹೊಸ ಫೋನಿಗೆ ಪ್ರವೇಶಿಸಿದಾಗ ತಾವಾಗಿಯೇ ಬರುತ್ತವೆ. ಸಿಮ್ ಕಾರ್ಡಿನಲ್ಲಿರುವವು ಸಿಮ್ ಜೊತೆಯಲ್ಲಿ ಬರುತ್ತವೆ. ಫೋನಿನ ಸ್ಮೃತಿಯಲ್ಲಿರುವವು ಹಳೆಯ ಫೋನಿನಲ್ಲಿಯೇ ಉಳಿಯುತ್ತವೆ. "ಅರ್ಧದಷ್ಟು ಸಂಖ್ಯೆಗಳು ಮಾತ್ರ ಬಂದಿವೆ" ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಇದನ್ನು ತಪ್ಪಿಸಲು, ಹಳೆಯ ಫೋನಿನ ಗೂಗಲ್ Contacts ಅಪ್ಲಿಕೇಶನ್‌ನಲ್ಲಿ Export to file ಎಂಬ ಆಯ್ಕೆಯನ್ನು ಬಳಸಿ ಎಲ್ಲ ಸಂಖ್ಯೆಗಳನ್ನೂ .vcf ಎಂಬ ಒಂದು ಕಡತವಾಗಿ ಉಳಿಸಿಕೊಳ್ಳತಕ್ಕದ್ದು. ಈ ಕಡತವನ್ನು ತಮ್ಮದೇ ಇ-ಮೇಲ್ ವಿಳಾಸಕ್ಕೆ ಕಳುಹಿಸಿಕೊಂಡು, ಹೊಸ ಫೋನಿನಲ್ಲಿ ತೆರೆದು, ಗೂಗಲ್ ಖಾತೆಗೆ ಸೇರಿಸಬಹುದು. ಕೆಲವು ಹೆಸರುಗಳು ಎರಡೆರಡು ಬಾರಿ ಕಾಣಿಸಿಕೊಂಡರೆ ಚಿಂತಿಸಬೇಕಾಗಿಲ್ಲ; Merge & fix ಆಯ್ಕೆಯ ಮೂಲಕ ಅವನ್ನು ಒಂದುಗೂಡಿಸಬಹುದು.

2. ಛಾಯಾಚಿತ್ರಗಳು

ಗೂಗಲ್ Photos ಅಪ್ಲಿಕೇಶನ್‌ನಲ್ಲಿ ತಮ್ಮ ಖಾತೆಯ ಚಿತ್ರವನ್ನು ಒತ್ತಿದಾಗ Backup complete ಎಂದು ಕಾಣಬೇಕು. ಹಾಗೆ ಕಂಡರೂ ಒಂದು ವಿಷಯವನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ಕ್ಯಾಮೆರಾದಿಂದ ತೆಗೆದ ಚಿತ್ರಗಳಷ್ಟೇ ಸಾಮಾನ್ಯವಾಗಿ ಉಳಿಕೆಯಾಗುತ್ತವೆ. ವಾಟ್ಸಾಪ್ ಮೂಲಕ ಬಂದ ಚಿತ್ರಗಳ ಕಡತಕೋಶವನ್ನು Back up device folders ಎಂಬಲ್ಲಿ ಬಳಕೆದಾರರೇ ಆಯ್ಕೆ ಮಾಡಬೇಕು. ಅರ್ಜಿಯ ಸ್ವೀಕೃತಿ ಮುಂತಾದ ಪಿಡಿಎಫ್ ಕಡತಗಳು ಛಾಯಾಚಿತ್ರಗಳಲ್ಲವಾದ್ದರಿಂದ Photos ಅವನ್ನು ಉಳಿಸುವುದಿಲ್ಲ. Download ಕಡತಕೋಶದಲ್ಲಿರುವ ಇಂತಹ ಕಡತಗಳನ್ನು ಗೂಗಲ್ Drive ಅಥವಾ ಇ-ಮೇಲ್‌ಗೆ ಬೇರೆಯಾಗಿ ಸೇರಿಸಿಕೊಳ್ಳತಕ್ಕದ್ದು.

ಗೂಗಲ್ ಖಾತೆಯಲ್ಲಿ ಉಚಿತವಾಗಿ ದೊರೆಯುವ ಸ್ಥಳ 15 ಜಿಬಿ. ಇ-ಮೇಲ್, Drive ಮತ್ತು Photos ಮೂರಕ್ಕೂ ಇದು ಒಂದೇ ಪಾತ್ರೆ. 2024ರಿಂದ ಆಂಡ್ರಾಯ್ಡ್ ವಾಟ್ಸಾಪ್ ಉಳಿಕೆ ಪ್ರತಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಸ್ಥಳ ತುಂಬಿದ್ದಲ್ಲಿ ಉಳಿಕೆ ಪ್ರತಿ ನಿಂತುಹೋಗುತ್ತದೆ.

ಸ್ಥಳ ಮಾಡಿಕೊಳ್ಳಲು Photos ಅಪ್ಲಿಕೇಶನ್‌ನಲ್ಲಿ ಚಿತ್ರಗಳನ್ನು ಅಳಿಸುವಾಗ ಎಚ್ಚರಿಕೆ ಅಗತ್ಯ. ಉಳಿಕೆಯಾದ ಚಿತ್ರವನ್ನು ಹಳೆಯ ಫೋನಿನ Photos ಅಪ್ಲಿಕೇಶನ್‌ನಲ್ಲಿ ಅಳಿಸಿದರೆ ಖಾತೆಯಿಂದಲೂ, ಹೊಸ ಫೋನಿನಿಂದಲೂ ಅಳಿಸಿಹೋಗುತ್ತದೆ. ತಪ್ಪಿ ಅಳಿಸಿದ್ದಲ್ಲಿ, ಉಳಿಕೆಯಾಗಿದ್ದ ಚಿತ್ರಗಳು Trash ಎಂಬಲ್ಲಿ 60 ದಿನಗಳವರೆಗೆ ದೊರೆಯುತ್ತವೆ.

3. ವಾಟ್ಸಾಪ್ ಸಂದೇಶಗಳು

ಅತ್ಯಂತ ಹೆಚ್ಚು ನಷ್ಟ ಸಂಭವಿಸುವುದು ಇಲ್ಲಿ. ವಾಟ್ಸಾಪ್ ಸಂದೇಶಗಳು ಫೋನಿನಲ್ಲಿರುತ್ತವೆ. ಅವುಗಳ ಉಳಿಕೆ ಪ್ರತಿ ಬಳಕೆದಾರರ ಗೂಗಲ್ ಖಾತೆಯಲ್ಲಿರುತ್ತದೆ. ಆ ಖಾತೆಯಲ್ಲಿ ಇರುವುದು ಒಂದೇ ಪ್ರತಿ. ಹೊಸ ಪ್ರತಿ ತಯಾರಾದಾಗ ಹಿಂದಿನ ಪ್ರತಿಯ ಸ್ಥಾನವನ್ನು ಅದು ಆಕ್ರಮಿಸುತ್ತದೆ. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಕೆಳಗಿನ ಕ್ರಮದ ಉದ್ದೇಶ ಸ್ಪಷ್ಟವಾಗುತ್ತದೆ.

ಹಳೆಯ ಫೋನಿನಲ್ಲಿ ಮಾಡಬೇಕಾದುದು:

(ಅ) ವಾಟ್ಸಾಪ್‌ನಲ್ಲಿ Settings, ನಂತರ Chats, ನಂತರ Chat backup ತೆರೆಯತಕ್ಕದ್ದು. ಅಲ್ಲಿ ಕಾಣುವ ಗೂಗಲ್ ಖಾತೆಯ ವಿಳಾಸವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಅಂಗಡಿಯವರು ಅಥವಾ ಬಂಧುಗಳು ಹಿಂದೆ ತೆರೆದುಕೊಟ್ಟ, ಈಗ ಮರೆತುಹೋದ ಖಾತೆ ಅದಾಗಿರುವುದುಂಟು.

(ಆ) ವಿಡಿಯೋಗಳೂ ಬೇಕಿದ್ದಲ್ಲಿ Include videos ಆಯ್ಕೆಯನ್ನು ಚಾಲನೆಗೊಳಿಸಿ, Back up ಒತ್ತತಕ್ಕದ್ದು. ಮುಗಿದ ಮೇಲೆ ದಿನಾಂಕ, ಸಮಯ ಮತ್ತು ಗಾತ್ರ ಕಾಣುತ್ತವೆ. ಅವನ್ನೂ ಬರೆದಿಟ್ಟುಕೊಳ್ಳತಕ್ಕದ್ದು.

(ಇ) End-to-end encrypted backup ಚಾಲನೆಯಲ್ಲಿದೆಯೇ ಎಂದು ನೋಡತಕ್ಕದ್ದು. ಇದ್ದಲ್ಲಿ ಅದಕ್ಕೆ ನಿಗದಿಪಡಿಸಿದ ಪಾಸ್‌ವರ್ಡ್ ಅಥವಾ 64 ಅಂಕಿ-ಅಕ್ಷರಗಳ ಕೀಲಿ ಅಗತ್ಯ. ಅದು ಕಳೆದುಹೋದರೆ ಉಳಿಕೆ ಪ್ರತಿಯನ್ನು ವಾಟ್ಸಾಪ್ ಸಂಸ್ಥೆಯಾಗಲಿ ಗೂಗಲ್ ಸಂಸ್ಥೆಯಾಗಲಿ ತೆರೆದುಕೊಡಲಾರವು.

(ಈ) Two-step verification ಬಳಸುತ್ತಿರುವವರು ಅದರ 6 ಅಂಕಿಗಳ ಪಿನ್ ನೆನಪಿದೆಯೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಪಿನ್ ಮರೆತು, ಇ-ಮೇಲ್ ವಿಳಾಸವನ್ನೂ ನೀಡಿರದಿದ್ದಲ್ಲಿ, ಪಿನ್ ಬದಲಾಯಿಸಲು 7 ದಿನ ಕಾಯಬೇಕಾಗಬಹುದು.

ಹೊಸ ಫೋನಿನಲ್ಲಿ ಮಾಡಬೇಕಾದುದು:

ಮೊದಲು ಬರೆದಿಟ್ಟುಕೊಂಡ ಗೂಗಲ್ ಖಾತೆಯಿಂದ ಫೋನಿಗೆ ಪ್ರವೇಶಿಸಬೇಕು. ನಂತರವೇ ವಾಟ್ಸಾಪ್ ಸ್ಥಾಪಿಸಿ, ಹಳೆಯ ಮೊಬೈಲ್ ಸಂಖ್ಯೆಯನ್ನೇ ನಮೂದಿಸಬೇಕು. ಉಳಿಕೆ ಪ್ರತಿ ದೊರೆತಾಗ ಅದರ ದಿನಾಂಕ ಮತ್ತು ಗಾತ್ರ ಪರದೆಯ ಮೇಲೆ ಕಾಣುತ್ತದೆ. ಬರೆದಿಟ್ಟುಕೊಂಡ ವಿವರಕ್ಕೆ ಅದು ಹೊಂದಿದ್ದರೆ Restore ಒತ್ತಬೇಕು. ಮೊದಲು ಬರಹ ಸಂದೇಶಗಳು ಬರುತ್ತವೆ. ಚಿತ್ರ ಮತ್ತು ಧ್ವನಿ ಸಂದೇಶಗಳು ಅನಂತರ ನಿಧಾನವಾಗಿ ಬರುತ್ತವೆ. ಅವು ಪೂರ್ಣಗೊಳ್ಳಲು ಹಲವು ಗಂಟೆ ಹಿಡಿಯಬಹುದಾದ್ದರಿಂದ ಫೋನನ್ನು ವೈಫೈ ಮತ್ತು ಚಾರ್ಜರ್‌ಗೆ ಜೋಡಿಸಿಟ್ಟಿರುವುದು ಒಳಿತು.

ಉಳಿಕೆ ಪ್ರತಿ ದೊರೆಯಲಿಲ್ಲವೆಂದು ತೋರಿದಲ್ಲಿ Skip ಒತ್ತಿ ಮುಂದುವರಿಯಬಾರದು. ಬೇರೆ ಗೂಗಲ್ ಖಾತೆ ಇದೆಯೇ, ಸಂಖ್ಯೆ ಸರಿಯಿದೆಯೇ ಎಂದು ಅಲ್ಲಿಯೇ ನಿಂತು ಪರಿಶೀಲಿಸಬೇಕು. ಏಕೆಂದರೆ ಉಳಿಕೆ ಪ್ರತಿಯನ್ನು ಮರಳಿ ಪಡೆಯುವ ಅವಕಾಶ ನೋಂದಣಿಯ ಸಮಯದಲ್ಲಿ ಮಾತ್ರ ದೊರೆಯುತ್ತದೆ.

ಒಂದು ಉದಾಹರಣೆ

ಶಿರಸಿ ತಾಲ್ಲೂಕಿನ ಒಬ್ಬ ಮಹಿಳೆ ಪತಿಯ ನಿಧನದ ನಂತರ ಕುಟುಂಬ ಪಿಂಚಣಿಗೆ ಅರ್ಜಿ ಸಲ್ಲಿಸಿದ್ದಾರೆಂದು ಭಾವಿಸೋಣ. ಪತಿಯ ಸೇವಾ ಪುಸ್ತಕದ ಪುಟಗಳ ಚಿತ್ರಗಳನ್ನು ಅವರ ಸಹೋದ್ಯೋಗಿಯೊಬ್ಬರು ವಾಟ್ಸಾಪ್‌ನಲ್ಲಿ ಕಳುಹಿಸಿದ್ದಾರೆ. ಪತಿ ಆಸ್ಪತ್ರೆಯಿಂದ ಕಳುಹಿಸಿದ ಧ್ವನಿ ಸಂದೇಶಗಳೂ ಅದೇ ಫೋನಿನಲ್ಲಿವೆ. ಸೋಮವಾರ ಸಂಜೆ ಹೊಸ ಫೋನ್ ಬರುತ್ತದೆ. ಮನೆಯವರು ಅವಸರದಲ್ಲಿ ಬೇರೊಂದು ಗೂಗಲ್ ಖಾತೆಯಿಂದ ಪ್ರವೇಶಿಸಿ, ಉಳಿಕೆ ಪ್ರತಿ ಸಿಗದಿದ್ದಾಗ Skip ಒತ್ತುತ್ತಾರೆ. ವಾಟ್ಸಾಪ್ ಖಾಲಿಯಾಗಿ ತೆರೆಯುತ್ತದೆ. ಬಳಿಕ ಹಳೆಯ ಖಾತೆಯನ್ನೂ ಸೇರಿಸಿ, Chat backup ಪುಟದಲ್ಲಿ ಅದನ್ನೇ ಆಯ್ಕೆ ಮಾಡುತ್ತಾರೆ. ರಾತ್ರಿ ತಾನಾಗಿಯೇ ನಡೆಯುವ ಉಳಿಕೆಯಲ್ಲಿ ಆ ಖಾಲಿ ವಾಟ್ಸಾಪ್‌ನ ಪ್ರತಿ ಹಳೆಯ ಪ್ರತಿಯ ಮೇಲೆ ಕುಳಿತುಬಿಡುತ್ತದೆ. ಮಂಗಳವಾರ ಬೆಳಗ್ಗೆ Chat backup ಪುಟದಲ್ಲಿ 2.4 ಜಿಬಿ ಇದ್ದ ಗಾತ್ರ ಕೆಲವೇ ಕೆಬಿಗೆ ಇಳಿದಿರುತ್ತದೆ. ಗಾತ್ರ ಹೀಗೆ ಏಕಾಏಕಿ ಕುಗ್ಗಿರುವುದೇ ಈ ತಪ್ಪಿನ ಗುರುತು.

ಹಳೆಯ ಫೋನನ್ನು ಅಳಿಸದೆ ಇಟ್ಟುಕೊಂಡಿದ್ದರಿಂದ ಅವರ ಸಂದೇಶಗಳು ಉಳಿಯುತ್ತವೆ. ಹೊಸ ಫೋನಿನಲ್ಲಿ ನೋಂದಣಿಯಾದಾಗ ಹಳೆಯ ಫೋನಿನ ವಾಟ್ಸಾಪ್ ಸ್ಥಗಿತಗೊಳ್ಳುತ್ತದೆಯೇ ಹೊರತು, ಅದರೊಳಗಿನ ಸಂದೇಶಗಳು ಅಳಿಯುವುದಿಲ್ಲ. ಅವರು ಮೊದಲು ಹೊಸ ಫೋನಿನಿಂದ ವಾಟ್ಸಾಪ್ ಅನ್ನು ತೆಗೆದುಹಾಕುತ್ತಾರೆ. ಸಿಮ್ ಅನ್ನು ಹಳೆಯ ಫೋನಿಗೆ ಹಾಕಿ, ಅಲ್ಲಿನ ವಾಟ್ಸಾಪ್ ಅನ್ನು ತೆಗೆದುಹಾಕದೆ ತೆರೆದು, ಅದೇ ಸಂಖ್ಯೆಯನ್ನು ಮರುದೃಢೀಕರಿಸುತ್ತಾರೆ. ಫೋನಿನಲ್ಲಿರುವ ಪ್ರತಿಯನ್ನು ಮರಳಿ ಪಡೆಯಬೇಕೇ ಎಂದು ಕೇಳಿದರೆ ಒಪ್ಪಿಗೆ ನೀಡುತ್ತಾರೆ. ಆದರೆ ಆ ಪರದೆಯಲ್ಲಿ ಕಾಣುವ ಪ್ರತಿ ಕೆಲವೇ ಕೆಬಿ ಗಾತ್ರದ ಗೂಗಲ್ ಪ್ರತಿಯಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ಸಂದೇಶಗಳು ಕಂಡ ಮೇಲೆ Back up ಒತ್ತಿ, ಗಾತ್ರ ಮತ್ತೆ 2.4 ಜಿಬಿಯಷ್ಟಾಗಿರುವುದನ್ನು ನೋಡಿ, ನಂತರ ಸರಿಯಾದ ಖಾತೆಯೊಂದಿಗೆ ಹೊಸ ಫೋನಿನಲ್ಲಿ ಮೊದಲಿನಿಂದ ಆರಂಭಿಸುತ್ತಾರೆ. ಹಳೆಯ ಫೋನನ್ನು ಸೋಮವಾರವೇ ವಿನಿಮಯಕ್ಕೆ ಕೊಟ್ಟಿದ್ದರೆ ಈ ಮಾರ್ಗ ಇರುತ್ತಿರಲಿಲ್ಲ. ಸೇವಾ ಪುಸ್ತಕದ ಪ್ರತಿಯನ್ನು ಕಚೇರಿಯಿಂದ ಮತ್ತೊಮ್ಮೆ ಪಡೆಯಬಹುದು. ಧ್ವನಿ ಸಂದೇಶಗಳನ್ನು ಪಡೆಯಲಾಗದು.

4. ಪರಿಶೀಲನೆ ಮತ್ತು ಹಳೆಯ ಫೋನಿನ ವಿಲೇವಾರಿ

ಪರಿಶೀಲನೆಗೆ ಇತ್ತೀಚಿನದಕ್ಕಿಂತ ಹಳೆಯದನ್ನು ನೋಡುವುದು ಸೂಕ್ತ. ಹಳೆಯ ಫೋನಿನಲ್ಲಿರುವ ಅತ್ಯಂತ ಹಿಂದಿನ ಒಂದು ಛಾಯಾಚಿತ್ರ, ಮುಖ್ಯವಾದ ಒಂದು ಸಂಭಾಷಣೆಯ ಮೊದಲ ಸಂದೇಶ ಮತ್ತು ಒಂದು ಧ್ವನಿ ಸಂದೇಶ ಹೊಸ ಫೋನಿನಲ್ಲಿ ತೆರೆಯುತ್ತವೆಯೇ ಎಂದು ನೋಡತಕ್ಕದ್ದು. ಚಿತ್ರ ಮಸುಕಾಗಿ ಕಂಡರೆ ಅದು ಇನ್ನೂ ಬಂದಿಲ್ಲವೆಂದು ಅರ್ಥ. ಸಂಪರ್ಕಗಳ ಪಟ್ಟಿಯಲ್ಲಿ ಅಪರೂಪಕ್ಕೆ ಬಳಸುವ ನಾಲ್ಕೈದು ಹೆಸರುಗಳನ್ನು ಹುಡುಕಿ ನೋಡತಕ್ಕದ್ದು. ಬ್ಯಾಂಕ್ ಮತ್ತು ಯುಪಿಐ ಅಪ್ಲಿಕೇಶನ್‌ಗಳು ಹೀಗೆ ವರ್ಗಾವಣೆಯಾಗುವುದಿಲ್ಲ. ನೋಂದಾಯಿತ ಸಿಮ್ ಹೊಸ ಫೋನಿನಲ್ಲಿರುವಾಗ ಅವನ್ನು ಹೊಸದಾಗಿ ನೋಂದಾಯಿಸಬೇಕು.

ಇವೆಲ್ಲ ಸರಿಯಿದ್ದ ನಂತರವೂ ಸಾಧ್ಯವಾದರೆ ಒಂದು ತಿಂಗಳು ಹಳೆಯ ಫೋನನ್ನು ಇಟ್ಟುಕೊಳ್ಳುವುದು ಒಳಿತು. ಬೇರೆಯವರಿಗೆ ಕೊಡುವ ಮುನ್ನ ಅದರಿಂದ ಗೂಗಲ್ ಖಾತೆಯನ್ನು ತೆಗೆದುಹಾಕಿ, ಬಳಿಕ Erase all data ಆಯ್ಕೆಯನ್ನು ಬಳಸತಕ್ಕದ್ದು. ಖಾತೆಯನ್ನು ತೆಗೆಯದೆ ಅಳಿಸಿದರೆ ಮುಂದಿನ ಬಳಕೆದಾರರಿಗೆ ಫೋನ್ ತೆರೆಯದಿರಬಹುದು. ಮೆಮೊರಿ ಕಾರ್ಡ್ ಇದ್ದಲ್ಲಿ ಹೊರತೆಗೆದುಕೊಳ್ಳಲು ಮರೆಯಬಾರದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗೂಗಲ್ ಖಾತೆಯಲ್ಲಿ ಸ್ಥಳವಿಲ್ಲದಿದ್ದರೆ ಸಂದೇಶಗಳನ್ನು ವರ್ಗಾಯಿಸಲು ಸಾಧ್ಯವೇ?
ಉತ್ತರ: ಸಾಧ್ಯ. ಎರಡೂ ಫೋನುಗಳು ಕೈಯಲ್ಲಿದ್ದಾಗ, ಹಳೆಯ ಫೋನಿನ ವಾಟ್ಸಾಪ್‌ನಲ್ಲಿ Settings, Chats, Transfer chats ಆಯ್ಕೆಯ ಮೂಲಕ ಹೊಸ ಫೋನಿನ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ನೇರವಾಗಿ ವರ್ಗಾಯಿಸಬಹುದು. ಈ ಸೌಲಭ್ಯ 2023ರಿಂದ ಲಭ್ಯವಿದೆ.

ಪ್ರಶ್ನೆ: ಆಂಡ್ರಾಯ್ಡ್ ಫೋನಿನಿಂದ ಐಫೋನಿಗೆ ಬದಲಾಗುವವರಿಗೂ ಇದೇ ಕ್ರಮವೇ?
ಉತ್ತರ: ಅಲ್ಲ. ಗೂಗಲ್ ಖಾತೆಯಲ್ಲಿರುವ ವಾಟ್ಸಾಪ್ ಪ್ರತಿಯನ್ನು ಐಫೋನ್ ಓದುವುದಿಲ್ಲ. Move to iOS ಎಂಬ ಅಪ್ಲಿಕೇಶನ್ ಮೂಲಕ, ಐಫೋನನ್ನು ಮೊದಲ ಬಾರಿಗೆ ಸಿದ್ಧಪಡಿಸುವಾಗಲೇ ಸಂದೇಶಗಳನ್ನು ವರ್ಗಾಯಿಸಬೇಕು.

ಪ್ರಶ್ನೆ: ಹೊಸ ಫೋನಿಗಾಗಿ ಸಿಮ್ ಕಾರ್ಡನ್ನೇ ಬದಲಾಯಿಸಿದರೆ ಒಟಿಪಿ ಬರುತ್ತದೆಯೇ?
ಉತ್ತರ: ಸಿಮ್ ಬದಲಾವಣೆಯಾದ ನಂತರ ವಂಚನೆ ತಡೆಯುವ ಸಲುವಾಗಿ 24 ಗಂಟೆಗಳ ಕಾಲ ಎಸ್‌ಎಂಎಸ್ ಸೌಲಭ್ಯ ಸ್ಥಗಿತವಾಗಿರುತ್ತದೆ. ಆದುದರಿಂದ ಅರ್ಜಿ ಸಲ್ಲಿಸಲು ಕೊನೆಯ ದಿನವಿರುವಾಗ ಸಿಮ್ ಬದಲಾಯಿಸದಿರುವುದು ಸೂಕ್ತ. ಇರುವ ಸಿಮ್ ಅನ್ನೇ ಒಂದು ಫೋನಿನಿಂದ ಇನ್ನೊಂದಕ್ಕೆ ಹಾಕಿದರೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ವಿ.ಸೂ.: ವರ್ಗಾವಣೆಯ ಯಾವ ಹಂತದಲ್ಲಿಯೂ ಒಟಿಪಿ, ಪಿನ್ ಅಥವಾ ಪಾಸ್‌ವರ್ಡನ್ನು ದೂರವಾಣಿಯಲ್ಲಿ ಕೇಳುವವರಿಗೆ ತಿಳಿಸಬಾರದು. ಅಂಗಡಿಯಲ್ಲಿ ಕೆಲಸ ಮಾಡಿಸಿಕೊಳ್ಳುವವರು ಇವನ್ನು ತಾವೇ ನಮೂದಿಸತಕ್ಕದ್ದು.