ಕೊಬ್ಬರಿ ಬಟ್ಟಲಿಗೆ ಬೂಷ್ಟು ಬಾರದಿರಲು

ಕೊಬ್ಬರಿಗೆ ಬೂಷ್ಟು ಬರುವುದು ಒಳಗೆ ಉಳಿದ ತೇವದಿಂದ. ತೇವಾಂಶ ಶೇ. 6ರ ಆಸುಪಾಸಿಗೆ ಇಳಿದರೆ ಅದು ಸುಲಭವಾಗಿ ಹಿಡಿಯದು. ಮನೆಯಲ್ಲಿ ತಿಳಿಯುವುದು ಹೀಗೆ: ಬಟ್ಟಲನ್ನು ಮುರಿದಾಗ ಬಾಗದೆ ಪಟ್ಟೆಂದು ತುಂಡಾಗಬೇಕು. ಬಾಗಿದರೆ ಇನ್ನೆರಡು ದಿನ ಬಿಸಿಲಿಗಿಡಿ. ಬಿಸಿ ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಇಲ್ಲದಿದ್ದರೆ ಮುಚ್ಚಳದಡಿ ಬೆವರು ಕಟ್ಟುತ್ತದೆ. ಮಳೆಗಾಲದಲ್ಲಿ ಫ್ರಿಜ್ ಲೇಸು.

ಒಣಗಿದ ಕೊಬ್ಬರಿಯೂ ಹಳತಾದರೆ ಕಮಟುತ್ತದೆ. ತೇವ ತಗುಲಿದಾಗ ಎಣ್ಣೆ ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಸಾಬೂನಿನಂಥ ರುಚಿ ಅದರದ್ದೇ. ಬಿಳಿ ತಿರುಳು ಹಳದಿಯಾಗಿ, ಅಂಟಂಟಾಗಿ, ಚೂರು ಅಗಿದರೆ ಗಂಟಲು ಕೆರೆದರೆ ಅಡುಗೆಗೆ ಬೇಡ. ಹಸಿರು, ಹಳದಿ ಬೂಷ್ಟು ಕಂಡರೆ ರುಚಿ ನೋಡದೆ ಎಸೆಯಿರಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷ ಒರೆಸಿದರೂ ಹುರಿದರೂ ಪೂರ್ತಿ ಹೋಗದು.