ಹಿಡಿದ ಕೈಯ ಸದ್ದು

ದೊಡ್ಡಉಳ್ಳಾರ್ತಿಯಲ್ಲಿ ಅಜ್ಜಿಯೊಬ್ಬರು ಉರುಮೆಯ ಜೊತೆಗೆ ಹಾಡುತ್ತಿದ್ದಾರೆಂದು ಇಟ್ಟುಕೊಳ್ಳಿ. ಮೈಕು ಹಿಡಿದವರ ಬೆರಳು ಸರಿದಾಗಲೆಲ್ಲ ಧ್ವನಿಮುದ್ರಣದಲ್ಲಿ ‘ದಬ್’ ಎಂಬ ಸದ್ದು ಸೇರುತ್ತದೆ. ಅದು ಗಾಳಿಯಲ್ಲಿ ಬಂದುದಲ್ಲ. ಮೈಕಿನ ಒಡಲು ಅದುರಿ ಒಳಗಿನ ಪೊರೆಯನ್ನು ಮುಟ್ಟಿದ ಸದ್ದು. ಅದರ ಬಲ ಹೆಚ್ಚಾಗಿ 100 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಹಾಡುವ ಹೆಂಗಸಿನ ಕೊರಳು ಸಾಮಾನ್ಯವಾಗಿ 160ರ ಮೇಲಿರುವುದರಿಂದ, 100ರ ಕೆಳಗಿನದನ್ನು ತಡೆಯುವ ಹೈ-ಪಾಸ್ ಫಿಲ್ಟರ್ ಹಾಕಿದರೆ ದನಿ ಕೆಡದೆ ದಬ್ಬೆಂಬುದು ತಗ್ಗುತ್ತದೆ.

ಆದರೆ ಉರುಮೆಯ ತಗ್ಗುನಾದವೂ ಅಲ್ಲಿಯೇ ಇರಬಹುದು. ಇಡೀ ಮುದ್ರಣವನ್ನು ಸೋಸಿದರೆ ವಾದ್ಯ ಬಡವಾಗುತ್ತದೆ. ಆದುದರಿಂದ ಮೊದಲು ಕೇಳಿ ಗುರುತಿಸಬೇಕು: ತಾಳಕ್ಕೆ ಹೊಂದಿ ಮರಳಿ ಮರಳಿ ಬರುವುದು ಉರುಮೆ, ತಾಳ ತಪ್ಪಿ ಬರುವುದು ಕೈ. ಆ ಅರೆಕ್ಷಣವನ್ನಷ್ಟೇ ಆಯ್ದು ಸೋಸಬೇಕು. ಆಯ್ದ ಭಾಗದ ಎರಡೂ ಅಂಚುಗಳನ್ನು ಮೆಲ್ಲನೆ ಬೆರೆಸದಿದ್ದರೆ ‘ಟಿಕ್’ ಎಂಬ ಹೊಸ ಸದ್ದು ಹುಟ್ಟುತ್ತದೆ.

ಬೆರಳುಜ್ಜಿದ ಕರಕರ ಸದ್ದಿನ ಬಗೆ ಬೇರೆ. ಅದು ದನಿಯ ವ್ಯಾಪ್ತಿಯಲ್ಲೇ ಹರಡುವುದರಿಂದ ಈ ಫಿಲ್ಟರಿಗೆ ಸಿಕ್ಕದು. ಧ್ವನಿಯ ರೋಹಿತಚಿತ್ರದಲ್ಲಿ ಅದರ ಕಲೆಯನ್ನು ಹುಡುಕಿ ಮಸುಕಾಗಿಸಬಹುದು; ಪೂರಾ ಅಳಿಸಿದರೆ ಹಾಡಿನ ವ್ಯಂಜನಗಳೂ ಮಾಸುತ್ತವೆ. ಪೆಟ್ಟು ಮಿತಿಮೀರಿ ಅಲೆಯ ತುದಿ ಚಪ್ಪಟೆಯಾಗಿದ್ದರೆ, ಆ ಗಳಿಗೆಯ ದನಿ ಇದ್ದಂತೆ ಮರಳಿ ಬಾರದು. ಏನೇ ಮಾಡುವುದಿದ್ದರೂ ನಕಲಿನ ಮೇಲೆ ಮಾಡಿ. ಮೂಲಪ್ರತಿಯನ್ನು ಮುಟ್ಟದೆ ಇಡಿ.